ಬೇರೆ ಬೇರೆ ಅಂಕ ಸರಿ, ಕೂಡಿಸುವ ಕ್ರಮ ಸರಿಯಲ್ಲ

ಶಾಲೆಯ ಪ್ರಾಜೆಕ್ಟ್ ವರದಿಯ ಕೊನೆಯಲ್ಲಿ ‘ಗ್ರಂಥಋಣ’ ಎಂದು ನಾಲ್ಕು ಹೆಸರು ಬರೆದರೆ ಒಂದೆರಡು ಅಂಕ ಸಿಗುತ್ತಿದ್ದ ಪದ್ಧತಿಗಿಂತ, ಆಕರದ ಆಯ್ಕೆಗೆ 5, ಉಲ್ಲೇಖಿಸಿದ ರೀತಿಗೆ 5, ಆಕರ ಸೂಚನೆಗೆ 5 ಎಂದು ಬಿಡಿಸಿ ಅಂಕ ಕೊಡುವ ರೂಬ್ರಿಕ್ ಎಷ್ಟೋ ಉತ್ತಮ. ಮಗು ಎಲ್ಲಿ ಎಡವಿತು ಎಂಬುದು ಅದರಿಂದ ತಿಳಿಯುತ್ತದೆ. ಇದನ್ನು ಮೆಚ್ಚುವ ಶಿಕ್ಷಕರ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಬಿಡಿಸಿದ ಮೂರನ್ನೂ ಮತ್ತೆ ಕೂಡಿಸಿ 15ಕ್ಕೆ ಇಷ್ಟು ಎಂದು ಬರೆಯುವಲ್ಲಿ ನನಗೆ ತಕರಾರಿದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂಬತ್ತನೇ ತರಗತಿಗೆ ‘ಹಲ್ಮಿಡಿ ಶಾಸನದ ಕಾಲವನ್ನು ಹೇಗೆ ನಿರ್ಧರಿಸಿದರು?’ ಎಂಬ ವಿಷಯ ಕೊಟ್ಟಿದ್ದಾರೆ. ಬೇಲೂರು ತಾಲ್ಲೂಕಿನ ಈ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ. ಕಲ್ಲಿನ ಮೇಲೆ ಇಸವಿ ಇಲ್ಲ. ಸುಮಾರು ಕ್ರಿ.ಶ. 450 ಎಂಬುದು ಲಿಪಿ ಮೊದಲಾದ ಆಧಾರಗಳಿಂದ ಮಾಡಿದ ಅಂದಾಜು.

ಮೊದಲ ವಿದ್ಯಾರ್ಥಿ ಮೂರು ಜಾಲತಾಣಗಳಿಂದ ವಾಕ್ಯಗಳನ್ನು ತೆಗೆದುಕೊಂಡಿದ್ದಾನೆ. ಮೂರೂ ಒಂದೇ ಬರಹದ ನಕಲು, ಯಾವುದೂ ಕಾಲನಿರ್ಣಯದ ಕಾರಣ ಹೇಳುವುದಿಲ್ಲ. ಆದರೆ ಒಂದಕ್ಷರ ತಪ್ಪದೆ ಉದ್ಧರಣ ಚಿಹ್ನೆಯೊಳಗೆ ಬರೆದಿದ್ದಾನೆ, ವಿಳಾಸವನ್ನೂ ನೋಡಿದ ದಿನಾಂಕವನ್ನೂ ಕೊಟ್ಟಿದ್ದಾನೆ. ಅವನಿಗೆ 1, 5, 5, ಒಟ್ಟು 11. ಎರಡನೆಯವಳು ಲಿಪಿಯ ಲಕ್ಷಣಗಳನ್ನು ಚರ್ಚಿಸುವ ಶಾಸನಶಾಸ್ತ್ರದ ಪುಸ್ತಕವೊಂದನ್ನು ಗ್ರಂಥಾಲಯದಲ್ಲಿ ಹುಡುಕಿ ಓದಿದ್ದಾಳೆ. ಉಲ್ಲೇಖಿಸುವಾಗ ‘ಸುಮಾರು’ ಎಂಬ ಪದ ಬಿಟ್ಟುಹೋಗಿ ಅಂದಾಜು ಖಚಿತ ಇಸವಿಯಾಗಿದೆ. ಪುಸ್ತಕದ ಹೆಸರಿದೆ, ಪುಟಸಂಖ್ಯೆ ಇಲ್ಲ. ಅವಳಿಗೆ 5, 2, 2, ಒಟ್ಟು 9.

ಪ್ರಶ್ನೆಗೆ ಉತ್ತರ ಸಿಗುವ ಕಡೆ ಹುಡುಕಿದವಳು ಹಿಂದೆ ಬಿದ್ದಳು. ಅವಳ ಎರಡು ತಪ್ಪುಗಳನ್ನು ಅದೇ ಪುಸ್ತಕ ತೆರೆದು ಹತ್ತು ನಿಮಿಷದಲ್ಲಿ ತಿದ್ದಬಹುದು. ಅವನ ತಪ್ಪನ್ನು ತಿದ್ದಬೇಕಾದರೆ ಪ್ರಾಜೆಕ್ಟನ್ನು ಮೊದಲಿನಿಂದ ಮಾಡಬೇಕು. ಉತ್ತರವಿಲ್ಲದ ಆಕರವನ್ನು ಎಷ್ಟು ನಿಷ್ಠೆಯಿಂದ ಉಲ್ಲೇಖಿಸಿದರೂ ಅಲ್ಲಿ ಉತ್ತರ ಹುಟ್ಟುವುದಿಲ್ಲ. ಈ ಮೂರು ಕೌಶಲಗಳಲ್ಲಿ ಎರಡು ಮೊದಲನೆಯದನ್ನು ಆಧರಿಸಿ ನಿಂತಿವೆ. ಸಂಕಲನ ಅವನ್ನು ಸರಿಸಮಾನವೆಂದು ಎಣಿಸುತ್ತದೆ.

ಆದ್ದರಿಂದ ನನ್ನ ಸಲಹೆ ಇದು. ಮಗುವಿಗೆ ಹಿಂತಿರುಗಿಸುವ ಹಾಳೆಯಲ್ಲಿ ಮೂರು ಅಂಕಗಳು ಬಿಡಿಯಾಗಿಯೇ ಇರಲಿ, ಮೊತ್ತ ಬೇಡ. ಆಂತರಿಕ ಮೌಲ್ಯಮಾಪನದ ದಾಖಲೆಗೆ ಒಂದೇ ಸಂಖ್ಯೆ ಬೇಕೇಬೇಕು ಎಂದಾಗ, ಉಲ್ಲೇಖ ಮತ್ತು ಸೂಚನೆಯ ಅಂಕಗಳಲ್ಲಿ ಯಾವೊಂದೂ ಆಯ್ಕೆಯ ಅಂಕವನ್ನು ಮೀರಬಾರದು ಎಂಬ ಮಿತಿ ಹಾಕಿಕೊಳ್ಳಲಿ. ಆಗ ಮೊದಲನೆಯವನ ಮೊತ್ತ 3, ಎರಡನೆಯವಳದು 9. ಅವನ ಕೈಯ ಹಾಳೆಯಲ್ಲಿ ಮಾತ್ರ 1, 5, 5 ಎಂದೇ ಇರುತ್ತದೆ. ಅಚ್ಚುಕಟ್ಟಾಗಿ ಉಲ್ಲೇಖಿಸುವುದು ತನಗೆ ಬರುತ್ತದೆಂದು ಅವನಿಗೂ ಗೊತ್ತಿರುತ್ತದೆ.

ಇದಕ್ಕೆ ಬರುವ ಗಂಭೀರ ಆಕ್ಷೇಪವೆಂದರೆ, ಒಳ್ಳೆಯ ಗ್ರಂಥಾಲಯವಿಲ್ಲದ ಊರಿನ ಮಕ್ಕಳಿಗೆ ಇದು ಅನ್ಯಾಯ ಎಂಬುದು. ಆಯ್ಕೆಯ ಅಂಕವನ್ನು ಆಕರದ ಅಪರೂಪಕ್ಕೆ ಕೊಟ್ಟರೆ ಖಂಡಿತ ಅನ್ಯಾಯವೇ. ಅದನ್ನು ಕಾರಣಕ್ಕೆ ಕೊಡಬೇಕು. ಪ್ರತಿ ಆಕರದ ಕೆಳಗೆ ‘ಈ ಪ್ರಶ್ನೆಗೆ ಇದೇ ಏಕೆ?’ ಎಂದು ಎರಡು ಸಾಲು ಬರೆಸಲಿ. ಸಿಕ್ಕ ಆಕರಗಳಲ್ಲಿ ಯಾವುದು ಯಾವುದರ ನಕಲು, ಯಾವುದು ಕಾರಣ ಕೊಡುತ್ತದೆ ಎಂದು ತೂಗಿ ನೋಡಿದ ಮಗು ಪಠ್ಯಪುಸ್ತಕವನ್ನೇ ಆರಿಸಿದ್ದರೂ ಅಂಕ ಪಡೆಯಬಹುದು. ಹಳೆಯದೂ ಪ್ರಸಿದ್ಧವೂ ಆದದ್ದೇ ಸರಿ ಎಂದೂ ಅಲ್ಲ. ‘ಅತ್ಯಂತ ಹಳೆಯ ಕನ್ನಡ ಶಾಸನ ಯಾವುದು?’ ಎಂದು ಕೇಳಿದ್ದರೆ, ಹಲ್ಮಿಡಿ ಶಾಸನದ ಬಗೆಗಿನ 1936ರ ವರದಿಯೊಂದೇ ಸಾಲದು. ತಾಳಗುಂದದ ಶಾಸನ ಇನ್ನೂ ಹಳೆಯದೆಂಬ ವಾದ ಬಂದದ್ದು ಬಹಳ ವರ್ಷಗಳ ನಂತರ.

ಇನ್ನೊಂದು ಎಚ್ಚರವೂ ಬೇಕು. ಪುಟಸಂಖ್ಯೆ ಇಲ್ಲದಿದ್ದಾಗ ವಾಕ್ಯ ಹುಡುಕಲಾಗದೆ, ಸೂಚನೆಯಲ್ಲೂ ಉಲ್ಲೇಖದಲ್ಲೂ ಅಂಕ ಕಳೆಯುವುದುಂಟು. ಹಾಗಾದರೆ ಒಂದೇ ತಪ್ಪಿಗೆ ಎರಡು ದಂಡ. ಅಂಥ ಕಡೆ ಉಲ್ಲೇಖದ ಮನೆಯಲ್ಲಿ ಸೊನ್ನೆ ಹಾಕದೆ ‘ಪರಿಶೀಲಿಸಿಲ್ಲ’ ಎಂದು ಬರೆದು, ಪುಟ ತೋರಿಸಲು ಮಗುವನ್ನೇ ಕರೆಯಬೇಕು. ಐವತ್ತು ಮಕ್ಕಳ ತರಗತಿಯಲ್ಲಿ ಎಲ್ಲ ಉಲ್ಲೇಖ ನೋಡಲಾಗದು. ಪ್ರತಿ ವರದಿಯಿಂದ ಶಿಕ್ಷಕರೇ ಆರಿಸಿದ ಒಂದನ್ನು ಮೂಲದೊಂದಿಗೆ ಇಟ್ಟು ಓದಿದರೂ, ಬಿಟ್ಟುಹೋದ ‘ಸುಮಾರು’ವಿನಂಥ ಲೋಪ ಕಣ್ಣಿಗೆ ಬೀಳುವ ಸಾಧ್ಯತೆ ಇರುತ್ತದೆ. ಆಕರವನ್ನು ತೆರೆದೇ ನೋಡದೆ ಉಲ್ಲೇಖಕ್ಕೆ ಕೊಟ್ಟ ಅಂಕ, ಉದ್ಧರಣ ಚಿಹ್ನೆಗೆ ಕೊಟ್ಟ ಅಂಕ ಅಷ್ಟೇ.