ವೃತ್ತಿ ಬದಲಿಸುವವರ ಸ್ವವಿವರ ಪತ್ರ

ನಮ್ಮ ಮನೆಗಳಲ್ಲಿ ‘ಬಯೋಡೇಟಾ’ ಎಂದರೆ ಎರಡು ಬಗೆ. ಒಂದು ವಧೂವರಾನ್ವೇಷಣೆಗೆ, ಇನ್ನೊಂದು ನೌಕರಿಗೆ. ಎರಡನ್ನೂ ಒಂದೇ ರೀತಿಯಲ್ಲಿ, ಹುಟ್ಟಿದ ದಿನಾಂಕದಿಂದ ಆರಂಭಿಸಿ ವರ್ಷಾನುಕ್ರಮವಾಗಿ ಬರೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಇದ್ದ ವೃತ್ತಿಯಲ್ಲೇ ಮುಂದುವರಿಯುವವರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಒಂದು ವೃತ್ತಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಯಸುವವರಿಗೆ ಇದೇ ಕ್ರಮ ಅಡ್ಡಿಯಾಗುತ್ತದೆ. ಈ ಸಲ ಅಂತಹ ಒಂದು ಪ್ರಸಂಗವನ್ನೇ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಧಾರವಾಡದ ಕಡೆಯ ಒಬ್ಬ ಸಹೋದರಿ ತಮ್ಮ ರೆಸ್ಯೂಮೆಯನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಬಿ.ಎಸ್‌ಸಿ., ಬಿ.ಎಡ್. ಓದಿದವರು. 2008ರಿಂದ 2022ರವರೆಗೆ ಎರಡು ಖಾಸಗಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದರು. ಹಾಸಿಗೆ ಹಿಡಿದ ಮಾವನವರ ಶುಶ್ರೂಷೆಗಾಗಿ 2022ರಲ್ಲಿ ಕೆಲಸ ಬಿಟ್ಟು, ಎರಡು ವರ್ಷ ಮನೆಯಲ್ಲಿದ್ದರು. ಈಗ ಕಾರ್ಖಾನೆಯೊಂದರಲ್ಲಿ ಹೊಸ ಕೆಲಸಗಾರರ ತರಬೇತಿ ಸಂಯೋಜಕರ ಹುದ್ದೆಗೆ ಅರ್ಜಿ ಹಾಕಬೇಕೆಂಬುದು ಅವರ ಇಚ್ಛೆ. ಅಂತಹವೇ ಏಳು ಕಡೆ ಅರ್ಜಿ ಕಳಿಸಿದ್ದರೂ ಒಂದರಿಂದಲೂ ಉತ್ತರ ಬಂದಿರಲಿಲ್ಲ. ಮನೆಯ ಸಾಲದ ಕಂತುಗಳು ಮಾತ್ರ ತಪ್ಪದೆ ಬರುತ್ತಿದ್ದವು. “ಇದರಾಗ ಏನ್ ತಪ್ಪೈತ್ರೀ ಸರ?” ಎಂದು ಕೇಳಿದರು.

ತಪ್ಪೇನೂ ಇರಲಿಲ್ಲ; ಇದ್ದುದು ಕ್ರಮದ ದೋಷ. ಮೂರು ಪುಟಗಳ ಆ ಪತ್ರದಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ‘ಮನೆಯಲ್ಲಿ’ ಎಂಬ ಎರಡು ವರ್ಷ, ಅನಂತರ ‘ಶಿಕ್ಷಕಿ’, ಮತ್ತೆ ‘ಶಿಕ್ಷಕಿ’. ನೂರಾರು ಅರ್ಜಿಗಳನ್ನು ನೋಡುವವರು ಪ್ರತಿಯೊಂದಕ್ಕೂ ಹೆಚ್ಚು ಹೊತ್ತು ಕೊಡಲಾರರು. ಶಿಕ್ಷಕಿಗೂ ಕಾರ್ಖಾನೆಗೂ ಏನು ಸಂಬಂಧವೆಂದು ಕುಳಿತು ಯೋಚಿಸುವ ವ್ಯವಧಾನ ಅವರಿಗಿಲ್ಲ. ಆ ಸಂಬಂಧವನ್ನು ತೋರಿಸಿಕೊಡಬೇಕಾದದ್ದು ಅರ್ಜಿದಾರರೇ.

ನಾವು ಮೊದಲು ಕೈಗೆತ್ತಿಕೊಂಡದ್ದು ಅವರ ರೆಸ್ಯೂಮೆಯನ್ನಲ್ಲ, ಹುದ್ದೆಯ ಜಾಹೀರಾತನ್ನು. ಅದರಲ್ಲಿ ಕೇಳಿದ ಕೆಲಸಗಳ ಕೆಳಗೆ ಗೆರೆ ಎಳೆದೆವು. ದೊಡ್ಡವರಿಗೆ ತರಬೇತಿ ಕೊಡುವುದು, ವೇಳಾಪಟ್ಟಿ ಮಾಡಿ ವಿಭಾಗಗಳ ನಡುವೆ ಹೊಂದಿಸುವುದು, ಹಾಜರಿ ಮತ್ತು ಪರೀಕ್ಷೆಯ ದಾಖಲೆ ಇಡುವುದು, ಸುರಕ್ಷತಾ ನಿಯಮಗಳನ್ನು ಸರಳ ಕನ್ನಡದಲ್ಲಿ ತಿಳಿಸುವುದು ಎಂಬ ನಾಲ್ಕು ಅಂಶಗಳು ದೊರೆತವು. ಇವೇ ಹೊಸ ಪತ್ರದ ನಾಲ್ಕು ತಲೆಬರಹಗಳಾದವು. ತಲೆಬರಹಗಳು ನಮ್ಮ ಬಾಳಿನಿಂದಲ್ಲ, ಬೇಡುವವರ ಅಗತ್ಯದಿಂದ ಹುಟ್ಟಬೇಕು. ಮೂರು ನಾಲ್ಕಕ್ಕಿಂತ ಹೆಚ್ಚಾದರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಬಳಿಕ ಬೇರೊಂದು ಹಾಳೆಯಲ್ಲಿ ಹದಿನಾಲ್ಕು ವರ್ಷ ಮಾಡಿದ ಕೆಲಸಗಳನ್ನೆಲ್ಲ, ಚಿಕ್ಕದು ದೊಡ್ಡದು ಎನ್ನದೆ, ಬರೆಯಲು ಹೇಳಿದೆವು. ಮೊದಲು ಅವರು ಬರೆದುದು ‘ವಿಜ್ಞಾನ ಬೋಧನೆ, ಶಾಲೆಯ ಇತರ ಕೆಲಸಗಳಲ್ಲಿ ಭಾಗವಹಿಸಿದ್ದೇನೆ’ ಎಂಬ ಒಂದೇ ಸಾಲು. ಆ ‘ಇತರ ಕೆಲಸಗಳು’ ಯಾವುವೆಂದು ಕೆದಕಿ ಕೇಳಿದಾಗ ನಿಜವಾದ ಸಂಪತ್ತು ಹೊರಬಂತು. ಇಪ್ಪತ್ತೆರಡು ಶಿಕ್ಷಕರ ವೇಳಾಪಟ್ಟಿಯನ್ನು ಆರು ವರ್ಷ ಇವರೇ ಸಿದ್ಧಪಡಿಸಿದ್ದರು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಹದಿನಾಲ್ಕು ಸಹೋದ್ಯೋಗಿಗಳಿಗೆ ಆನ್‌ಲೈನ್ ಪಾಠ ಮಾಡುವುದನ್ನು ಕಲಿಸಿದ್ದರು. ಪ್ರಯೋಗಾಲಯದ ಸುರಕ್ಷತಾ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಇವೆಲ್ಲ ಶಾಲೆಯಲ್ಲಿ ನಡೆದರೂ ಕಾರ್ಖಾನೆ ಕೇಳುತ್ತಿರುವ ಕೆಲಸಗಳೇ ಅಲ್ಲವೆ?

ಇನ್ನು ಪ್ರತಿಯೊಂದನ್ನೂ ತಕ್ಕ ತಲೆಬರಹದ ಕೆಳಗೆ ಸೇರಿಸಬೇಕು. ಏನು ಮಾಡಿದೆ, ಎಷ್ಟು ಜನರಿಗೆ, ಫಲವೇನು, ಎಲ್ಲಿ ಮತ್ತು ಯಾವಾಗ ಎಂಬಿಷ್ಟು ಪ್ರತಿ ಸಾಲಿನಲ್ಲಿಯೂ ಇರಬೇಕು. ‘ತರಬೇತಿ’ ಎಂಬ ತಲೆಬರಹದ ಕೆಳಗಿನ ಒಂದು ಸಾಲು ಹೀಗಾಯಿತು: ‘ಹದಿನಾಲ್ಕು ಸಹಶಿಕ್ಷಕರಿಗೆ ಆನ್‌ಲೈನ್ ಪಾಠದ ತರಬೇತಿ ನೀಡಿದೆ, ಎರಡು ವಾರಗಳಲ್ಲಿ ಎಲ್ಲರೂ ಸ್ವತಂತ್ರವಾಗಿ ತರಗತಿ ನಡೆಸತೊಡಗಿದರು, ಎರಡನೆಯ ಶಾಲೆ, 2020.’ ‘ಶ್ರಮಜೀವಿ’, ‘ಉತ್ತಮ ಸಂವಹನ ಶಕ್ತಿಯುಳ್ಳವಳು’ ಎಂಬ ವಿಶೇಷಣಗಳನ್ನೆಲ್ಲ ತೆಗೆದುಹಾಕಿದೆವು. ಆಧಾರವಿಲ್ಲದ ಮಾತನ್ನು ಯಾರು ಬೇಕಾದರೂ ಬರೆಯಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೌಶಲಗಳನ್ನು ಮುಂದಿಟ್ಟೆವೆಂದು ಕೆಲವರು ಉದ್ಯೋಗದ ಇತಿಹಾಸವನ್ನೇ ಬಿಟ್ಟುಬಿಡುತ್ತಾರೆ. ವರ್ಷಗಳಿಲ್ಲದ ಪತ್ರವನ್ನು ಕಂಡೊಡನೆ ಓದುವವರಿಗೆ ಬರುವ ಮೊದಲ ಸಂಶಯ, ‘ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ’ ಎಂಬುದು. ಆದ್ದರಿಂದ ನಾವು ಎರಡೂ ಕ್ರಮಗಳನ್ನು ಕೂಡಿಸಿದೆವು. ಮೇಲೆ ಹೆಸರು, ದೂರವಾಣಿ, ಬಯಸುವ ಹುದ್ದೆ ಮತ್ತು ಮೂರು ಸಾಲಿನ ಸಾರಾಂಶ, ಅನಂತರ ನಾಲ್ಕು ಕೌಶಲಗಳು, ಅದರ ಕೆಳಗೆ ಹುದ್ದೆ, ಸಂಸ್ಥೆ, ಊರು, ವರ್ಷ ಮಾತ್ರವಿರುವ ಸಂಕ್ಷಿಪ್ತ ಇತಿಹಾಸ, ಕೊನೆಗೆ ವಿದ್ಯಾಭ್ಯಾಸ. ಶುಶ್ರೂಷೆಯ ಎರಡು ವರ್ಷಗಳನ್ನೂ ‘2022–2024: ಕುಟುಂಬದ ಹಿರಿಯರ ಆರೈಕೆ’ ಎಂದು ಒಂದೇ ಸಾಲಿನಲ್ಲಿ ತೋರಿಸಿದೆವು. ತಂದೆಯ ಹೆಸರು, ಜಾತಿ, ವಿವಾಹದ ವಿವರಗಳು ವಧೂವರರ ಪತ್ರಕ್ಕೆ ಸೇರಿದವು, ಇಲ್ಲಿ ಬೇಡವೆಂದೆವು. ಮೂರು ಪುಟಗಳು ಎರಡಾದವು.

ಹುದ್ದೆಯ ಹೆಸರನ್ನು ಮಾತ್ರ ಬದಲಿಸಲಿಲ್ಲ. ‘ತರಬೇತಿ ಅಧಿಕಾರಿ ಅಂತ ಬರೀಲೇನ್ರಿ?’ ಎಂದು ಆ ತಂಗಿ ಕೇಳಿದಾಗ ಬೇಡವೆಂದೆವು. ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಅನೇಕ ಕಂಪನಿಗಳು ಅನುಭವ ಪತ್ರವನ್ನು ಕೇಳುತ್ತವೆ, ಹಿಂದಿನ ಸಂಸ್ಥೆಯನ್ನೂ ವಿಚಾರಿಸುತ್ತವೆ. ಅಲ್ಲಿ ‘ಸಹಶಿಕ್ಷಕಿ’ ಎಂದಿದ್ದು ಇಲ್ಲಿ ‘ಅಧಿಕಾರಿ’ ಎಂದಾದರೆ ಬಂದ ಕೆಲಸವೂ ಕೈತಪ್ಪುತ್ತದೆ.

ಇನ್ನೊಂದು ತೊಡಕು ಗಣಕಯಂತ್ರದ್ದು. ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ತಂತ್ರಾಂಶವೊಂದು ಓದಿ ವಿಂಗಡಿಸುವುದುಂಟು. ಕೋಷ್ಟಕ, ಎರಡು ಅಂಕಣ, ಚೌಕಟ್ಟಿನೊಳಗಿನ ಬರಹಗಳನ್ನು ಅದು ಹಲವೊಮ್ಮೆ ಕಲಸಿ ಓದುತ್ತದೆ. ಆದ್ದರಿಂದ ಬರಹ ಒಂದೇ ಅಂಕಣದಲ್ಲಿರಲಿ. ಮುಖ್ಯ ಶೀರ್ಷಿಕೆಗಳು ಎಲ್ಲರೂ ಬಳಸುವ Skills, Work Experience, Education ಎಂಬವೇ ಆಗಿರಲಿ. ಪರೀಕ್ಷಿಸುವ ಬಗೆ ಸುಲಭ. ಸಿದ್ಧವಾದ ಪಿ.ಡಿ.ಎಫ್. ಕಡತದ ಬರಹವನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ ನೋಡಿರಿ. ಸಾಲುಗಳು ಕ್ರಮವಾಗಿ ಬಂದರೆ ಚಿಂತೆಯಿಲ್ಲ. ಹಿಂದುಮುಂದಾದರೆ ವಿನ್ಯಾಸವನ್ನು ಸರಳಗೊಳಿಸಬೇಕು.

ಈ ಕ್ರಮ ಎಲ್ಲೆಡೆಗೂ ಸಲ್ಲುವುದಿಲ್ಲ. ಸರಕಾರಿ ಹುದ್ದೆಗಳಿಗೆ ನಿಗದಿತ ನಮೂನೆಯಿರುವಲ್ಲಿ ಅದನ್ನೇ ತುಂಬಬೇಕು. ಅದೇ ವೃತ್ತಿಯಲ್ಲಿ ಬಡ್ತಿ ಬಯಸುವವರಿಗೆ ವರ್ಷಾನುಕ್ರಮವೇ ಲೇಸು. ಮೇಲೇರಿದ ದಾರಿ ಅದರಲ್ಲಿ ತಾನಾಗಿಯೇ ಕಾಣುತ್ತದೆ. ನರ್ಸಿಂಗ್, ವಕೀಲಿಯಂತೆ ಪದವಿ ಮತ್ತು ನೋಂದಣಿ ಕಡ್ಡಾಯವಿರುವಲ್ಲಿ ಬರಹದ ಜಾಣ್ಮೆಯಿಂದ ಆ ಕೊರತೆ ತುಂಬದು. ಹುದ್ದೆ ಬದಲಾದಂತೆ ತಲೆಬರಹಗಳೂ ಬದಲಾಗಬೇಕಾದ್ದರಿಂದ ಒಂದೇ ಪ್ರತಿಯನ್ನು ಹತ್ತು ಕಡೆ ಕಳಿಸುವುದೂ ತರವಲ್ಲ.

ಆ ಸಹೋದರಿ ಹೊಸ ಪತ್ರವನ್ನು ಎರಡು ಕಡೆ ಕಳಿಸಿದರು. ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು. ಮೊದಲ ಪ್ರಶ್ನೆ ಆ ಎರಡು ವರ್ಷಗಳ ಬಗೆಗೇ ಇತ್ತಂತೆ. ಉತ್ತರ ಪತ್ರದಲ್ಲೇ ಇದ್ದುದರಿಂದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಉಳಿದ ಹೊತ್ತೆಲ್ಲ ಅವರು ಕೇಳಿದ್ದು ಇಪ್ಪತ್ತೆರಡು ಜನರ ವೇಳಾಪಟ್ಟಿಯಲ್ಲಿ ಒಬ್ಬರು ರಜೆ ಹಾಕಿದರೆ ಹೇಗೆ ನಿಭಾಯಿಸುತ್ತಿದ್ದಿರಿ ಎಂಬುದನ್ನು. ಫಲಿತಾಂಶ ಇನ್ನೂ ಬರಬೇಕಾಗಿದೆ. ಆದರೆ ಈ ಸಲ ಅವರನ್ನು ವಿಚಾರಿಸಿದ್ದು ಅವರು ಬಲ್ಲ ಕೆಲಸದ ಬಗೆಗೆ.