ಹಸಿರು ಪಟ್ಟಿ ಯಾರಿಗೆ ಕಾಣುತ್ತದೆ ಅಂತ ಮೊದಲು ಹೇಳಿ, ಆಮೇಲೆ ಹಾಕಿಸಿ

ತಾಲ್ಲೂಕು ಕೇಂದ್ರಗಳಲ್ಲಿ ಈಗ ಕಂಪ್ಯೂಟರ್ ಕ್ಲಾಸಿನ ಜೊತೆಗೆ ಹೊಸದೊಂದು ತರಬೇತಿ ಶುರುವಾಗಿದೆ. ಹುಡುಗರಿಗೆ ಲಿಂಕ್ಡ್‌ಇನ್ ಖಾತೆ ತೆರೆಸುತ್ತಾರೆ. ಫೋಟೊ ಹಾಕಿಸುತ್ತಾರೆ. ಫೋಟೊ ಸುತ್ತ ಹಸಿರು ಪಟ್ಟಿ ಕಟ್ಟಿಸುತ್ತಾರೆ. ಕೊನೆಗೆ ಎಲ್ಲರನ್ನೂ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ ‘ನೀನು ಅವನಿಗೆ ಒತ್ತು, ಅವನು ನಿನಗೆ ಒತ್ತಲಿ’ ಅಂತ ಹೇಳಿ ಫೀಸು ತೆಗೆದುಕೊಳ್ಳುತ್ತಾರೆ. ಫೀಸಿನ ಬಗ್ಗೆ ನಮ್ಮ ತಕರಾರಿಲ್ಲ. ಇದರಲ್ಲಿ ಯಾವುದು ಯಾರ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಹೇಳದೆ ಕಳಿಸುತ್ತಾರಲ್ಲ, ನಮ್ಮ ಜಗಳ ಅದಕ್ಕೆ. ಹೇಳದೆ ಇರುವುದರಿಂದ ಕೆಲಸ ಹುಡುಕುವ ಹುಡುಗ ಇರುವ ಕೆಲಸವನ್ನೂ ಕಳೆದುಕೊಳ್ಳಬಹುದು.

ಮೊದಲು ಎಂಡಾರ್ಸ್‌ಮೆಂಟ್ ನೋಡೋಣ. 2012ರಲ್ಲಿ ಬಂದದ್ದು ಇದು. ನಿಮ್ಮ ಪ್ರೊಫೈಲ್‌ನಲ್ಲಿ ‘ವೆಲ್ಡಿಂಗ್’, ‘ಆಟೋಕ್ಯಾಡ್’, ‘ಟ್ಯಾಲಿ’ ಅಂತ ನೀವು ಬರೆದುಕೊಂಡ ಕೌಶಲದ ಕೆಳಗೆ ನಿಮ್ಮ ಸಂಪರ್ಕದಲ್ಲಿರುವವರು ಒಂದು ಗುಂಡಿ ಒತ್ತಿದರೆ ಲೆಕ್ಕ ಒಂದು ಏರುತ್ತದೆ. ಒತ್ತಿದವನು ನಿಮ್ಮ ವೆಲ್ಡಿಂಗ್ ಕಂಡಿರಬೇಕೆಂದಿಲ್ಲ. ಅವನಿಗೆ ವೆಲ್ಡಿಂಗ್ ಗೊತ್ತಿರಬೇಕೆಂದೂ ಇಲ್ಲ. ನಮ್ಮ ಕಡೆ ಮದುವೆ ಮುಯ್ಯಿ ಇದೆಯಲ್ಲ, ಥೇಟ್ ಹಾಗೆ. ನಾನು ನಿನ್ನ ಮಗಳ ಮದುವೆಗೆ ಮಾಡಿದೆ, ನೀನು ನನ್ನ ಮಗನ ಮದುವೆಗೆ ಮಾಡು. ಮುಯ್ಯಿ ಪುಸ್ತಕ ನೋಡಿದರೆ ಆ ಮನೆಗೆ ಎಷ್ಟು ನೆಂಟರು ಅಂತ ಗೊತ್ತಾಗುತ್ತದೆಯೇ ಹೊರತು ಹುಡುಗ ಹೇಗೆ ಅಂತ ಗೊತ್ತಾಗುವುದಿಲ್ಲ.

ಮುಯ್ಯಿ ಪುಸ್ತಕವಾದರೂ ಮನೆಯ ಟ್ರಂಕಿನಲ್ಲಿ ಇರುತ್ತದೆ. ಇದು ಹಾಗಲ್ಲ. ನಿಮ್ಮ ಕೌಶಲದ ಭಾಗ ಕಾಣುವ ಸದಸ್ಯರು ಆ ಲೆಕ್ಕದ ಮೇಲೆ ಬೆರಳಿಟ್ಟರೆ ಒತ್ತಿದವರ ಹೆಸರು, ಫೋಟೊ, ಕೆಲಸ ಎಲ್ಲ ಸಾಲಾಗಿ ಬರುತ್ತದೆ. ನಲವತ್ತು ಜನ ಒತ್ತಿದ್ದಾರೆ, ನಲವತ್ತೂ ಒಂದೇ ಕಾಲೇಜಿನ ಒಂದೇ ಬ್ಯಾಚಿನವರು ಎಂದರೆ ಸಂದರ್ಶನಕ್ಕೆ ಕೂತವನಿಗೆ ಅರ್ಥವಾಗದೆ ಇರುತ್ತದೆಯೇ? ಬೇಡವಾದವರ ಎಂಡಾರ್ಸ್‌ಮೆಂಟನ್ನು ಒಬ್ಬೊಬ್ಬರದಾಗಿ ಮರೆಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ತರಬೇತಿಯಲ್ಲಿ ಏರಿಸುವುದನ್ನು ಕಲಿಸುತ್ತಾರೆ, ಇಳಿಸುವುದನ್ನು ಯಾರೂ ಹೇಳುವುದಿಲ್ಲ. ಆದರೂ ಇದರಿಂದ ದೊಡ್ಡ ಹಾನಿಯೇನಿಲ್ಲ, ಹೊತ್ತು ಹಾಳು ಅಷ್ಟೇ. ಮುಂದಕ್ಕೆ ಹೋಗೋಣ.

ರೆಕಮೆಂಡೇಶನ್ ಬೇರೆ ಜಾತಿಯದು. ಇಲ್ಲಿ ಗುಂಡಿ ಒತ್ತಿದರೆ ಮುಗಿಯುವುದಿಲ್ಲ. ನಿಮ್ಮ ಜೊತೆ ಕೆಲಸ ಮಾಡಿದವರು ಕೂತು ನಾಲ್ಕು ಸಾಲು ಬರೆಯಬೇಕು. ಪತ್ರದ ಕೊನೆಗೆ ಸಾಕ್ಷಿ ಸಹಿ ಹಾಕುತ್ತಾರಲ್ಲ, ಅದಕ್ಕೆ ಹತ್ತಿರ. ಬರೆದವರ ಹೆಸರು, ಹುದ್ದೆ, ನಿಮಗೂ ಅವರಿಗೂ ಏನು ಸಂಬಂಧ ಎಂಬುದು, ಬರೆದ ತಾರೀಖು ಎಲ್ಲವೂ ಅಲ್ಲೇ ಕಾಣುತ್ತದೆ. ಬರೆದ ಕೂಡಲೇ ಅದು ಊರಿಗೆಲ್ಲ ಕಾಣುವುದಿಲ್ಲ. ಮೊದಲು ನಿಮಗೆ ಬರುತ್ತದೆ, ನೀವು ಒಪ್ಪಿದರೆ ಮಾತ್ರ ಪ್ರೊಫೈಲ್‌ಗೆ ಏರುತ್ತದೆ. ಅದರಲ್ಲಿ ಒಂದು ಅಕ್ಷರ ತಿದ್ದುವ ಹಕ್ಕೂ ನಿಮಗಿಲ್ಲ. ‘ಸರ್, ಇದೊಂದು ಸಾಲು ಬದಲಿಸಿ ಕೊಡಿ’ ಎಂದು ವಾಪಸ್ ಕೇಳಬಹುದು, ಬೇಡವೆಂದರೆ ಬಿಡಬಹುದು, ಹಾಕಿದ ಮೇಲೆ ಮರೆಮಾಡಬಹುದು. ಬರೆದವರು ಮನಸ್ಸು ಬದಲಾದರೆ ಹಿಂದಕ್ಕೆ ತೆಗೆದುಕೊಳ್ಳಲೂಬಹುದು.

ಇಲ್ಲಿ ಎರಡು ಸಂಗತಿಯನ್ನು ಯಾರೂ ಹೇಳುವುದಿಲ್ಲ. ನಿಮಗೆ ಬರೆದ ಸೂಪರ್‌ವೈಸರ್ ಪ್ರೊಫೈಲ್‌ನಲ್ಲೂ ಅದು `Given` ಎಂಬ ಜಾಗದಲ್ಲಿ ಕಾಣಿಸಿಕೊಳ್ಳಬಹುದು. ಅವರ ಮೇಲಿನ ಅಧಿಕಾರಿ ಅದನ್ನು ನೋಡಿದರೆ ‘ಹುಡುಗನನ್ನು ಹೊರಗೆ ಕಳಿಸಲು ಇವನೇ ದಾರಿ ಮಾಡಿಕೊಡುತ್ತಿದ್ದಾನೆ’ ಎಂದುಕೊಳ್ಳಬಹುದು. ಒಳ್ಳೆಯ ಸೂಪರ್‌ವೈಸರ್ ಬರೆಯಲು ಹಿಂದೆಮುಂದೆ ನೋಡಿದರೆ ಸಿಟ್ಟಾಗಬೇಡಿ. ಇನ್ನೊಂದು ತಾರೀಖಿನ ವಿಷಯ. ವರ್ಷಗಟ್ಟಲೆ ಖಾಲಿಯಿದ್ದ ಪ್ರೊಫೈಲ್‌ಗೆ ಒಂದೇ ವಾರದಲ್ಲಿ ಮೂರು ರೆಕಮೆಂಡೇಶನ್ ಬಂದು ಕೂತರೆ, ಹಸಿರು ಪಟ್ಟಿ ಇಲ್ಲದೆಯೂ ಇವನು ಹೊರಡುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಒಂದು ಕೆಲಸ ಚೆನ್ನಾಗಿ ಮುಗಿದಾಗ, ಹೊರಡುವ ಯೋಚನೆಯೇ ಇಲ್ಲದಾಗ ಕೇಳುವುದು ಒಳ್ಳೆಯದು. ‘ಪ್ರಾಮಾಣಿಕ, ಕಷ್ಟಜೀವಿ’ ಎಂಬ ಸಾಲು ಬೇಡ, ಅದನ್ನು ಊರಿನ ಯಾರಿಗೆ ಬೇಕಾದರೂ ಬರೆಯಬಹುದು. ‘ರಾತ್ರಿ ಪಾಳಿಯಲ್ಲಿ ಪ್ರೆಸ್ ನಿಂತಾಗ ಮೇಂಟೆನೆನ್ಸ್ ಬರುವವರೆಗೆ ಕಾಯದೆ ಸೆನ್ಸರ್ ತಪ್ಪು ಹುಡುಕಿ ಕೊಟ್ಟ’ ಎಂದು ಒಬ್ಬರು ಬರೆದರೆ ನಲವತ್ತು ಎಂಡಾರ್ಸ್‌ಮೆಂಟ್ ಪಕ್ಕಕ್ಕಿಡಬಹುದು.

ಈಗ ಹಸಿರು ಪಟ್ಟಿ. ಪ್ರೊಫೈಲ್‌ನಲ್ಲಿ ಹೆಸರಿನ ಕೆಳಗಿರುವ `Open to` ಒತ್ತಿ, ಹೊಸ ಕೆಲಸ ಬೇಕು ಎಂಬುದನ್ನು ಆರಿಸಿದರೆ ಯಾವ ಹುದ್ದೆ, ಯಾವ ಊರು ಎಂದು ಕೇಳುತ್ತದೆ. ಆ ಪುಟದ ಕೆಳಭಾಗದಲ್ಲಿ ಯಾರಿಗೆ ಕಾಣಬೇಕು ಎಂಬ ಪ್ರಶ್ನೆ ಇದೆ. ಬೆರಳಿನಲ್ಲಿ ಸರಸರ ಸರಿಸಿಕೊಂಡು ಹೋದರೆ ಅದು ತಪ್ಪಿಹೋಗುತ್ತದೆ. ಆಯ್ಕೆ ಎರಡು: `All LinkedIn members` ಮತ್ತು `Recruiters only`.

ಮೊದಲನೆಯದು ಡಂಗುರ. 2020ರಲ್ಲಿ ಬಂದ ಹಸಿರು ಪಟ್ಟಿ ಇದರದೇ. ನಿಮ್ಮ ಈಗಿನ ಮಾಲೀಕರು, ಹಳೇ ಮಾಲೀಕರು, ಪಕ್ಕದ ಮಷೀನಿನವನು ಎಲ್ಲರಿಗೂ ಕಾಣುತ್ತದೆ. ‘ಸೌದಿಯಲ್ಲಿ ಕೆಲಸ ಇದೆ, ಮೊದಲು ರಿಜಿಸ್ಟ್ರೇಶನ್ ದುಡ್ಡು ಹಾಕಿ’ ಎನ್ನುವ ಮೋಸಗಾರನಿಗೂ ಕಾಣುತ್ತದೆ. ಕೆಲಸವೇ ಇಲ್ಲದವರು, ಓದು ಈಗಷ್ಟೇ ಮುಗಿಸಿದವರು ಇದನ್ನು ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಪಟ್ಟಿ ಕಟ್ಟಿಕೊಂಡವನು ಗತಿಯಿಲ್ಲದವನು ಎಂದು ಮೂಗು ಮುರಿಯುವ ಪೇಟೆಯ ಪಂಡಿತರ ಮಾತು ಬಿಡಿ, ಅವರ ಮನೆ ಬಾಡಿಗೆ ತಿಂಗಳ ಒಂದನೇ ತಾರೀಖು ತಾನಾಗಿ ಹೋಗುತ್ತದೆ. ದುಡ್ಡು ಕೇಳಿದವನಿಗೆ ಕೊಡಬೇಡಿ. ಕೊಟ್ಟುಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಪಾಯ ಇರುವುದು ಎರಡನೆಯದರಲ್ಲಿ. ಏಕೆಂದರೆ ಅದು ಗುಟ್ಟಿನಂತೆ ಕಾಣುತ್ತದೆ. `Recruiters only` ಎಂದರೆ ಪಟ್ಟಿ ಇಲ್ಲ. ಲಿಂಕ್ಡ್‌ಇನ್‌ಗೆ ದುಡ್ಡು ಕಟ್ಟಿ ರಿಕ್ರೂಟರ್ ಎಂಬ ಬೇರೆ ಸವಲತ್ತು ಪಡೆದವರಿಗೆ ಮಾತ್ರ ನೀವು ಕೆಲಸ ಹುಡುಕುತ್ತಿರುವುದು ಕಾಣುತ್ತದೆ. ನಿಮ್ಮ ಈಗಿನ ಕಂಪನಿ ಮತ್ತು ಅದಕ್ಕೆ ಸಂಬಂಧಿಸಿದ ಕಂಪನಿಗಳ ರಿಕ್ರೂಟರ್‌ಗಳಿಗೆ ತೋರಿಸದಿರಲು ಕ್ರಮ ಕೈಗೊಳ್ಳುತ್ತೇವೆ, ಆದರೆ ಪೂರ್ತಿ ಖಾತರಿ ಕೊಡಲಾರೆವು ಎಂದು ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಈ ‘ಆದರೆ’ ಸಣ್ಣದಲ್ಲ. ಅದು ನಮ್ಮ ಹುಡುಗರ ತಲೆಯ ಮೇಲೇ ಬೀಳುತ್ತದೆ.

ಹೇಗೆಂದು ಕೇಳಿ. ನಮ್ಮ ಪಕ್ಕದ ತಾಲ್ಲೂಕಿನ ಡಿಪ್ಲೊಮಾ ಹುಡುಗನೊಬ್ಬ ಬೆಂಗಳೂರಿನ ಹೊರವಲಯದ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹೆಸರಿಗೆ ಕಾರ್ಖಾನೆ, ಸಂಬಳದ ಚೀಟಿ ಕೊಡುವುದು ಆಳು ಪೂರೈಸುವ ಏಜೆನ್ಸಿ. ಹನ್ನೊಂದು ತಿಂಗಳಿಗೊಮ್ಮೆ ಕಾಂಟ್ರಾಕ್ಟ್ ಹೊಸದಾಗಬೇಕು. ಅವನು ಪ್ರೊಫೈಲ್‌ನ `Experience` ಭಾಗದಲ್ಲಿ ಕಾರ್ಖಾನೆಯ ಹೆಸರು ಬರೆದ. ಎಲ್ಲರೂ ಹಾಗೇ ಬರೆಯುತ್ತಾರೆ, ಏಜೆನ್ಸಿ ಹೆಸರು ಹೇಳಿದರೆ ಊರಲ್ಲಿ ಯಾರಿಗೆ ಗೊತ್ತು? ಆಮೇಲೆ `Recruiters only` ಒತ್ತಿ ನಿಶ್ಚಿಂತನಾದ.

ಲೆಕ್ಕ ಹಾಕಿ ನೋಡಿ. ಆ್ಯಪ್‌ಗೆ ಗೊತ್ತಿರುವ ಮಾಲೀಕ ಕಾರ್ಖಾನೆ. ಅದರ ಕಡೆಯವರಿಗೆ ತೋರಿಸದಿರಲು ಅದು ಪ್ರಯತ್ನಿಸುತ್ತದೆ. ನಿಜವಾದ ಮಾಲೀಕ ಏಜೆನ್ಸಿ. ಅದರ ಹೆಸರು ಪ್ರೊಫೈಲ್‌ನಲ್ಲಿ ಎಲ್ಲೂ ಇಲ್ಲ, ಹಾಗಾಗಿ ಅದರಿಂದ ಮುಚ್ಚಿಡಲು ಆ್ಯಪ್‌ಗೆ ಕಾರಣವೇ ಇಲ್ಲ. ಆಳು ಹುಡುಕುವುದೇ ಏಜೆನ್ಸಿಯ ಕಸುಬು, ರಿಕ್ರೂಟರ್ ಸವಲತ್ತಿಗೆ ದುಡ್ಡು ಕಟ್ಟಿ ಕೂತಿರುವವರು ಇಂಥವರೇ. ಅಲ್ಲಿಯ ಹುಡುಗಿಯೊಬ್ಬಳು ಬೇರೆ ಕಾರ್ಖಾನೆಗೆ ಜನ ಬೇಕೆಂದು ಹುಡುಕಿದಳು. ಕೆಲಸ ಬಯಸುತ್ತಿರುವವರ ಸಾಲಿನಲ್ಲಿ ಇವನು ಬಂದ. ಅವಳಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ‘ಇವನು ನಮ್ಮವನೇ ಅಲ್ಲವೇ’ ಎಂದು ಸೈಟ್ ಇನ್‌ಚಾರ್ಜ್‌ಗೆ ಕೇಳಿದಳು. ಮುಂದಿನ ಸಲ ಕಾಂಟ್ರಾಕ್ಟ್ ಹೊಸದಾಗಲಿಲ್ಲ. ಕಾರಣವನ್ನು ಯಾರೂ ಕಾಗದದಲ್ಲಿ ಕೊಡಲಿಲ್ಲ. ಇನ್‌ಚಾರ್ಜ್ ಬಾಯಿಮಾತಿನಲ್ಲಿ ಹೇಳಿದ್ದು ಇಷ್ಟೇ: ‘ಹೋಗೋ ಮನಸ್ಸಿರೋರನ್ನ ಇಟ್ಕೊಂಡು ಏನ್ಮಾಡ್ಲಪ್ಪ.’

ಏಜೆನ್ಸಿ ಹೆಸರೇ ಬರೆದಿದ್ದರೆ? ಆಗ ಕಾರ್ಖಾನೆಯ ಎಚ್‌ಆರ್‌ಗೆ ಬಾಗಿಲು ತೆರೆದಂತೆ. ಒಂದು ಮುಚ್ಚಿದರೆ ಇನ್ನೊಂದು ತೆಗೆಯುತ್ತದೆ. ಮೂರನೇ ಬಾಗಿಲೂ ಒಂದಿದೆ: ಕಂಪನಿಗಳು ಹೊರಗಿನ ಕನ್ಸಲ್ಟೆನ್ಸಿಗಳಿಂದ ಆಳು ಹುಡುಕಿಸುತ್ತವೆ. ಆ ಕನ್ಸಲ್ಟೆನ್ಸಿಯವನು ನಿಮ್ಮ ಕಂಪನಿಯವನಲ್ಲ, ಅವನಿಗೆ ಕಾಣುತ್ತದೆ, ಅವನು ಯಾರಿಗೆ ಫೋನ್ ಮಾಡುತ್ತಾನೋ ತಡೆಯುವವರಿಲ್ಲ.

ಇನ್ನೊಂದು ಸೂಕ್ಷ್ಮ. ಕಂಪನಿಯ ಹೆಸರನ್ನು ಕೈಯಲ್ಲಿ ಟೈಪ್ ಮಾಡಿ ಬಿಟ್ಟರೆ ಸಾಲದು, ಟೈಪ್ ಮಾಡುವಾಗ ಕೆಳಗೆ ಬರುವ ಪಟ್ಟಿಯಿಂದ ಆರಿಸಬೇಕು. ಇಲ್ಲದಿದ್ದರೆ ಅದು ಬರೀ ಅಕ್ಷರ, ಯಾವ ಕಂಪನಿ ಎಂದು ಆ್ಯಪ್‌ಗೆ ತಿಳಿಯದು. ಪತ್ತೆ ಮಾಡುವುದು ಸುಲಭ: ನಿಮ್ಮ ಕೆಲಸದ ಪಕ್ಕ ಕಂಪನಿಯ ಗುರುತು ಇದ್ದು, ಒತ್ತಿದರೆ ಕಂಪನಿಯ ಪುಟ ತೆರೆದರೆ ಜೋಡಣೆಯಾಗಿದೆ ಎಂದರ್ಥ. ಬೂದು ಬಣ್ಣದ ಖಾಲಿ ಚೌಕವಿದ್ದು, ಒತ್ತಿದರೂ ಆ ಪುಟ ತೆರೆಯದಿದ್ದರೆ ಜೋಡಣೆಯಾಗಿಲ್ಲ.

‘ಎಲ್ಲ ಸರಿಯಾಗಿದೆಯಾ ಅಂತ ನೋಡಿಕೊಂಡರಾಯಿತು’ ಎನ್ನುತ್ತಾರೆ ತರಬೇತಿಯವರು. ಹೇಗೆ ನೋಡುವುದು? ಹಸಿರು ಪಟ್ಟಿಯಾದರೆ ಗೆಳೆಯನ ಫೋನಿನಲ್ಲಿ ನಿಮ್ಮ ಪ್ರೊಫೈಲ್ ತೆಗೆಸಿ ನೋಡಬಹುದು. ಎಂಡಾರ್ಸ್‌ಮೆಂಟ್, ರೆಕಮೆಂಡೇಶನ್ ಕೂಡ ಹಾಗೇ ನೋಡಬಹುದು. `Recruiters only` ಮಾತ್ರ ದುಡ್ಡು ಕಟ್ಟಿದವರ ಪರದೆಯಲ್ಲಿ ಕಾಣುವಂಥದ್ದು. ಅಲ್ಲಿ ನಿಮ್ಮ ಹೆಸರು ಯಾರ ಮುಂದೆ ಬಂತು ಎಂದು ನಿಮ್ಮ ಫೋನಿನಿಂದ ಪರೀಕ್ಷಿಸಲು ದಾರಿಯಿಲ್ಲ. ಗುಟ್ಟು ನಿಮ್ಮದು, ಬೀಗದ ಕೈ ಮಾತ್ರ ಕೊಂಡವರ ಹತ್ತಿರ.

ನೌಕ್ರಿ ಡಾಟ್ ಕಾಮ್‌ನಲ್ಲಿ ಇಂಥಿಂಥ ಕಂಪನಿಗೆ ನನ್ನ ವಿವರ ಬೇಡ ಎಂದು ಹೆಸರು ಕೊಟ್ಟು ತಡೆಯಬಹುದು. 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಲಿಂಕ್ಡ್‌ಇನ್‌ಗೆ ಇಷ್ಟು ಮಾಡುವುದು ಕಷ್ಟವೇ? ‘ನಿಮ್ಮ ಸಂಬಳ ಕೊಡುವವರು ಯಾರು, ನೀವು ಕೆಲಸ ಮಾಡುವ ಜಾಗ ಯಾರದು’ ಎಂದು ಎರಡು ಪ್ರಶ್ನೆ ಕೇಳಿ ಎರಡನ್ನೂ ಮುಚ್ಚಲಿ. ಅದು ಬರುವವರೆಗೆ, ಕಾಂಟ್ರಾಕ್ಟ್ ಮೇಲೆ ಕೆಲಸದಲ್ಲಿರುವವರು ಎರಡೂ ಆಯ್ಕೆಯನ್ನು ಬಿಟ್ಟು, ಬೇಕಾದ ಹುದ್ದೆಗೆ ನೇರವಾಗಿ ಅರ್ಜಿ ಹಾಕುವುದೇ ಕ್ಷೇಮ ಎಂದು ನಮ್ಮ ಅಭಿಪ್ರಾಯ. ಆ ಅರ್ಜಿ ಹೋಗುವುದು ಹುದ್ದೆ ಕರೆದವರಿಗೆ. ಹುದ್ದೆ ಕರೆದದ್ದು ಯಾವುದಾದರೂ ಏಜೆನ್ಸಿಯಾದರೆ, ಅದು ನಿಮ್ಮ ಸಂಬಳದ ಚೀಟಿಯ ಮೇಲಿರುವ ಹೆಸರೇ ಅಲ್ಲ ತಾನೇ ಎಂದು ಒಮ್ಮೆ ನೋಡಿಕೊಂಡು ಕಳಿಸಿ.