ರಕ್ತನಾಳವೋ ಹೃದಯವೋ: ಆರಿಸುವವರು ಯಾರು?

ಬಿಪಿಗೆಂದು ಬರೆದುಕೊಡುವ ಅಮ್ಲೋಡಿಪಿನ್, ಎದೆಬಡಿತ ಹಿಡಿತ ತಪ್ಪಿ ಓಡುವಾಗ ಕೊಡುವ ವೆರಾಪಮಿಲ್. ಔಷಧಶಾಸ್ತ್ರದ ಪುಸ್ತಕದಲ್ಲಿ ಇವೆರಡೂ ಒಂದೇ ಅಧ್ಯಾಯಕ್ಕೆ ಸೇರಿವೆ. ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂಬುದು ಇಬ್ಬರಿಗೂ ಮನೆತನದ ಹೆಸರು. ಎರಡೂ ಮುಚ್ಚುವುದು ಒಂದೇ ಚಾನೆಲನ್ನು. ಆದರೆ ಅಮ್ಲೋಡಿಪಿನ್‌ನ ಅಣ್ಣನಾದ ನಿಫೆಡಿಪಿನ್ ನಾಡಿಯನ್ನು ಚುರುಕುಗೊಳಿಸಬಲ್ಲದು, ವೆರಾಪಮಿಲ್ ಅದನ್ನು ನಿಧಾನಗೊಳಿಸುತ್ತದೆ. ಇದಕ್ಕೆ ಪುಸ್ತಕ ಕೊಡುವ ಉತ್ತರ ಚಿಕ್ಕದು: ಅಮ್ಲೋಡಿಪಿನ್, ನಿಫೆಡಿಪಿನ್‌ನಂಥ ಡೈಹೈಡ್ರೋಪಿರಿಡಿನ್‌ಗಳು ರಕ್ತನಾಳವನ್ನು ಆರಿಸಿಕೊಳ್ಳುತ್ತವೆ, ವೆರಾಪಮಿಲ್ ಹೃದಯವನ್ನು ಆರಿಸಿಕೊಳ್ಳುತ್ತದೆ, ಡಿಲ್ಟಿಯಾಜೆಮ್ ನಡುವೆ ನಿಲ್ಲುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಉತ್ತರ ಆಯ್ಕೆಯನ್ನು ಔಷಧದ ಸ್ವಭಾವವೆಂಬಂತೆ ಹೇಳುತ್ತದೆ, ಅಣುವಿಗೆ ತಾನು ಹೋಗಬೇಕಾದ ಊರು ಗೊತ್ತಿದೆ ಎಂಬಂತೆ. ನನ್ನ ವಾದ ಬೇರೆ. ಆಯ್ಕೆಯ ಅರ್ಧ ಕೆಲಸ ಮಾಡುವುದು ಔಷಧವಲ್ಲ, ಅದು ತಲುಪುವ ದೇಹ. ಇದನ್ನು ಮರೆತರೆ ಔಷಧ ಎಲ್ಲಿ ಕೈಕೊಡುತ್ತದೆ ಎಂಬುದು ತಿಳಿಯುವುದಿಲ್ಲ.

ಮೊದಲು ಚಾನೆಲನ್ನೇ ನೋಡೋಣ. ಜೀವಕೋಶದ ಪೊರೆಯಲ್ಲಿರುವ ಎಲ್-ಮಾದರಿಯ ಕ್ಯಾಲ್ಸಿಯಂ ಚಾನೆಲ್ ಕೆರೆಯ ತೂಬಿನಂಥದ್ದು. ಪೊರೆಯ ವಿದ್ಯುತ್ ಮಟ್ಟ ಬದಲಾದಾಗ ತೆರೆಯುತ್ತದೆ, ಹೊರಗಿನ ಕ್ಯಾಲ್ಸಿಯಂ ಒಳಗೆ ಹರಿಯುತ್ತದೆ, ಸ್ನಾಯು ಸಂಕುಚಿಸುತ್ತದೆ. ಹೃದಯದ ಸ್ನಾಯುವಿನಲ್ಲೂ ರಕ್ತನಾಳದ ಗೋಡೆಯ ನಯಸ್ನಾಯುವಿನಲ್ಲೂ ಇದೇ ಚಾನೆಲ್ ಇದೆ. ರಚನೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಷ್ಟೇ. ಕೈಕಾಲಿನ ಸ್ನಾಯುವಿನಲ್ಲಿಯೂ ಇದರ ದಾಯಾದಿ ಇದೆ, ಆದರೆ ಅಲ್ಲಿ ಸಂಕೋಚನಕ್ಕೆ ಹೊರಗಿನ ಕ್ಯಾಲ್ಸಿಯಂ ಒಳಬರಲೇಬೇಕೆಂದಿಲ್ಲ. ಕೋಶದೊಳಗಿನ ದಾಸ್ತಾನೇ ಸಾಕು. ಆದ್ದರಿಂದಲೇ ಈ ಮಾತ್ರೆ ನುಂಗಿದವರು ಮೆಟ್ಟಿಲು ಹತ್ತಲಾರದೆ ಕುಸಿಯುವುದಿಲ್ಲ. ಇಲ್ಲಿ ಕೈಕಾಲನ್ನು ಬಿಟ್ಟುಕೊಟ್ಟದ್ದು ಔಷಧದ ಜಾಣತನವಲ್ಲ, ಆ ಸ್ನಾಯುವಿನ ಏರ್ಪಾಡು.

ಈ ಔಷಧಗಳ ಕಥೆ ಶುರುವಾದದ್ದು ಹೃದಯದಲ್ಲಿ. 1960ರ ದಶಕದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್, ಹೃದಯದ ರಕ್ತನಾಳ ಅಗಲಿಸಲೆಂದು ರೂಪುಗೊಂಡಿದ್ದ ವೆರಾಪಮಿಲನ್ನು ಪರೀಕ್ಷಿಸಿದರು. ಹೃದಯಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಹೆಚ್ಚುಕಡಿಮೆ ಹಾಗೇ ಉಳಿದು ಸಂಕೋಚನ ಮಾತ್ರ ಸೊರಗಿತು, ಸುತ್ತಲಿನ ದ್ರಾವಣದಿಂದ ಕ್ಯಾಲ್ಸಿಯಂ ತೆಗೆದುಬಿಟ್ಟಾಗ ಆಗುವಂತೆಯೇ. ಕ್ಯಾಲ್ಸಿಯಂ ಸೇರಿಸಿದಾಗ ಶಕ್ತಿ ಮರಳಿತು. ಅವರು ಇವನ್ನು ಕ್ಯಾಲ್ಸಿಯಂ ವಿರೋಧಿಗಳೆಂದು ಕರೆದರು. ಆಮೇಲೆ ಬಾಯರ್ ಕಂಪನಿಯ ನಿಫೆಡಿಪಿನ್, ಜಪಾನಿನ ತನಾಬೆ ಕಂಪನಿಯ ಡಿಲ್ಟಿಯಾಜೆಮ್ ಬಂದವು. ಪ್ರಯೋಗಾಲಯದಲ್ಲಿ ದೇಹದಿಂದ ಬೇರ್ಪಡಿಸಿದ ಹೃದಯದ ಮೇಲೆ ನಿಫೆಡಿಪಿನ್ ಹಾಕಿದರೆ ಅದೂ ಬಡಿತದ ಶಕ್ತಿಯನ್ನು ಕುಗ್ಗಿಸುತ್ತದೆ. ರಕ್ತನಾಳದ ಔಷಧ ಎಂದು ಹೆಸರಾದದ್ದು ಹೃದಯವನ್ನು ಚೆನ್ನಾಗಿಯೇ ಬಲ್ಲದು. ಹಾಗಾದರೆ ಜೀವಂತ ಮನುಷ್ಯನಲ್ಲಿ ಈ ಪರಿಣಾಮ ಏಕೆ ಕಾಣುವುದಿಲ್ಲ?

ಮೊದಲ ಕಾರಣ ವಿದ್ಯುತ್ತಿನದು. ಡೈಹೈಡ್ರೋಪಿರಿಡಿನ್ ಅಣು ಚಾನೆಲಿನ ರಂಧ್ರದೊಳಗೆ ಹೋಗುವುದಿಲ್ಲ, ಪಕ್ಕದಿಂದ ಪೊರೆಯ ಕೊಬ್ಬಿನ ಕಡೆಗಿರುವ ಜಾಗದಲ್ಲಿ ಅಂಟಿಕೊಂಡು ಚಾನೆಲಿನ ಆಕಾರವನ್ನೇ ಕೆಡಿಸುತ್ತದೆ. ತೆರೆದು ದಣಿದು, ಮತ್ತೆ ತೆರೆಯಲಾರದ ಸ್ಥಿತಿಯಲ್ಲಿರುವ ಚಾನೆಲ್ ಅದಕ್ಕೆ ಬಹಳ ಇಷ್ಟ. ಪೊರೆ ಹೆಚ್ಚು ಹೊತ್ತು ಅರೆ-ಎಚ್ಚರದಲ್ಲಿದ್ದಷ್ಟೂ ಈ ಸ್ಥಿತಿಯ ಚಾನೆಲ್‌ಗಳು ಹೆಚ್ಚುತ್ತವೆ. ರಕ್ತನಾಳದ ನಯಸ್ನಾಯು ದಿನವಿಡೀ ಹಾಗೆಯೇ ಇರುತ್ತದೆ. ಅದರ ಪೊರೆ ಮೈನಸ್ 50 ಮಿಲಿವೋಲ್ಟ್ ಆಸುಪಾಸಿನಲ್ಲಿ ತೂಗಾಡುತ್ತಿರುತ್ತದೆ. ಹೃದಯದ ಕೆಳಕೋಣೆಯ ಸ್ನಾಯುವಿನ ಪಾಡು ಬೇರೆ. ನಿಮಿಷಕ್ಕೆ 75 ಬಡಿತವೆಂದರೆ ಒಂದೊಂದಕ್ಕೆ 800 ಮಿಲಿಸೆಕೆಂಡ್. ಅದರಲ್ಲಿ ಸುಮಾರು 300 ಮಿಲಿಸೆಕೆಂಡ್ ಉದ್ರೇಕ, ಉಳಿದ 500 ಮಿಲಿಸೆಕೆಂಡ್ ಮೈನಸ್ 85ರ ಆಚೀಚೆ ಗಾಢ ವಿಶ್ರಾಂತಿ. ಅಂಟಿಕೊಂಡಿದ್ದ ಅಣು ಕಳಚಿಕೊಳ್ಳಲು ಪ್ರತಿ ಬಡಿತದ ನಡುವೆಯೂ ಬಿಡುವಿದೆ. ಹೀಗೆ ಒಂದೇ ಪ್ರಮಾಣದ ಔಷಧ ರಕ್ತನಾಳದಲ್ಲಿ ಬಿಗಿಯಾಗಿ, ಹೃದಯದಲ್ಲಿ ಸಡಿಲವಾಗಿ ಹಿಡಿಯುತ್ತದೆ.

ವೆರಾಪಮಿಲ್‌ನ ದಾರಿ ಬೇರೆ. ಅದು ಚಾನೆಲ್ ತೆರೆದಾಗ ಒಳಗೆ ನುಸುಳಿ ರಂಧ್ರದಲ್ಲೇ ಕೂರುತ್ತದೆ, ಹೊರಡುವುದು ನಿಧಾನ. ಚಾನೆಲ್ ಎಷ್ಟು ಸಲ ತೆರೆಯುತ್ತದೋ ತಡೆ ಅಷ್ಟು ಬಲಿಯುತ್ತದೆ. ಮೇಲಿನ ಕೋಣೆಯ ಸಂಕೇತವನ್ನು ಕೆಳಕೋಣೆಗೆ ದಾಟಿಸುವ ಎವಿ ನೋಡ್ ಸೋಡಿಯಂ ನಂಬಿ ಬದುಕುವುದಿಲ್ಲ. ಅದರ ಸಂಕೇತವೇ ಕ್ಯಾಲ್ಸಿಯಂ ಪ್ರವಾಹ. ನಿಮಿಷಕ್ಕೆ 180 ಸಲ ಓಡುವ ಎವಿ ನೋಡ್‌ನಲ್ಲಿ ವೆರಾಪಮಿಲ್ 70ರ ನಾಡಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಆ ನೋಡ್ ಮೂಲಕವೇ ಸುತ್ತುವ ವೇಗದ ಬಡಿತವನ್ನು ಅದು ನಿಲ್ಲಿಸಬಲ್ಲದ್ದು ಇದರಿಂದಲೇ. ಡಿಲ್ಟಿಯಾಜೆಮ್‌ನ ನಡವಳಿಕೆಯೂ ಸುಮಾರಾಗಿ ಇದೇ, ಸ್ವಲ್ಪ ಸೌಮ್ಯ.

ಇಲ್ಲೊಂದು ಆಕ್ಷೇಪ ಏಳಬೇಕು. ನೋಡ್‌ಗಳ ಪೊರೆಯೂ ರಕ್ತನಾಳದಂತೆ ಆಳವಾಗಿ ವಿಶ್ರಮಿಸುವುದಿಲ್ಲ. ಹಾಗಿದ್ದ ಮೇಲೆ ಡೈಹೈಡ್ರೋಪಿರಿಡಿನ್ ಅಲ್ಲಿಯೂ ಅಂಟಿ ನಾಡಿಯನ್ನು ಇಳಿಸಬೇಕಿತ್ತಲ್ಲ? ಪ್ರತ್ಯೇಕಿಸಿದ ನೋಡ್‌ನಲ್ಲಿ ಅದು ಇಳಿಸುತ್ತದೆ ಕೂಡ. ಇಡೀ ದೇಹದಲ್ಲಿ ಎರಡನೆಯ ಕಾರಣ ಅಡ್ಡಬರುತ್ತದೆ, ಅದೇ ಪ್ರತಿವರ್ತನೆ. ರಕ್ತನಾಳ ಸಡಿಲವಾಗಿ ಒತ್ತಡ ಇಳಿದ ತಕ್ಷಣ ಕುತ್ತಿಗೆಯ ಒತ್ತಡಗ್ರಾಹಿಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅಡ್ರಿನಾಲಿನ್ ಬಳಗ ಹೃದಯವನ್ನು ತಟ್ಟಿ ಎಬ್ಬಿಸುತ್ತದೆ. ಸಣ್ಣಪುಟ್ಟ ನೇರ ತಡೆ ಆ ತಟ್ಟುವಿಕೆಯಲ್ಲಿ ಮುಳುಗಿಹೋಗುತ್ತದೆ. ವೆರಾಪಮಿಲ್ ಕೂಡ ರಕ್ತನಾಳವನ್ನು ಅಗಲಿಸುತ್ತದೆ, ಪ್ರತಿವರ್ತನೆಯನ್ನು ಕರೆಯುತ್ತದೆ, ಆದರೆ ಬಂದ ಆಜ್ಞೆಯನ್ನು ಪಾಲಿಸಲು ಹೃದಯಕ್ಕೆ ಬಿಡುವುದಿಲ್ಲ. ಅಂದರೆ ನಾವು ಆಸ್ಪತ್ರೆಯಲ್ಲಿ ಕಾಣುವ ಆಯ್ಕೆ ಅಣುವಿನ ಗುಣವೊಂದೇ ಅಲ್ಲ. ಅಣು, ಚಾನೆಲಿನ ಸ್ಥಿತಿ ಮತ್ತು ನರಗಳ ಪ್ರತ್ಯುತ್ತರ ಮೂರೂ ಸೇರಿ ಬಂದ ಮೊತ್ತ.

ಈ ಮಾತು ಬರೀ ಸಿದ್ಧಾಂತವಲ್ಲವೆಂಬುದಕ್ಕೆ ನಿಫೆಡಿಪಿನ್ ಕ್ಯಾಪ್ಸೂಲ್ ಸಾಕ್ಷಿ. ಬಿಪಿ ವಿಪರೀತ ಏರಿದವರ ನಾಲಿಗೆಯಡಿ ಅದರ ದ್ರವ ಹಿಂಡುವ ರೂಢಿ ಬಹಳ ಕಾಲ ಇತ್ತು. ವಾಸ್ತವದಲ್ಲಿ ನಾಲಿಗೆಯಡಿಯಿಂದ ಅದು ಹೀರಿಕೆಯಾಗುವುದು ತೀರ ಕಡಿಮೆ, ನುಂಗಿದ್ದೇ ಕೆಲಸ ಮಾಡುತ್ತಿತ್ತು, ಅದೂ ರಭಸದಿಂದ. ಒತ್ತಡ ಕುಸಿದು ನಾಡಿ ಹಾರಿ, ಕೆಲವರಿಗೆ ಪಾರ್ಶ್ವವಾಯು, ಕೆಲವರಿಗೆ ಹೃದಯಾಘಾತ ಆದ ವರದಿಗಳು ಬಂದವು. 1996ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ರೂಢಿಗೆ ತಡೆ ಹಾಕಬೇಕೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಲೇಖನ ಬಂತು. ಅದೇ ನಿಫೆಡಿಪಿನ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾಗಿ ಬಂದಾಗ ನಾಡಿ ಅಷ್ಟು ಹಾರುವುದಿಲ್ಲ. ಅಮ್ಲೋಡಿಪಿನ್ ಇನ್ನೂ ನಿಧಾನ: ರಕ್ತದಲ್ಲಿ ಶಿಖರ ಮುಟ್ಟಲು 6ರಿಂದ 12 ಗಂಟೆ, ಅರ್ಧ ಕರಗಲು 30ರಿಂದ 50 ಗಂಟೆ. ನಿಫೆಡಿಪಿನ್‌ನಲ್ಲಿ ಕಂಡಂತೆ ಅಣು ಬದಲಾಗದೆ ವೇಗ ಮಾತ್ರ ಬದಲಾದಾಗ ಹೃದಯ ಅನುಭವಿಸುವುದೇ ಬದಲಾಗುವುದಾದರೆ, ಆಯ್ಕೆ ಅಣುವಿನಲ್ಲಿದೆ ಎನ್ನುವುದು ಹೇಗೆ?

ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಅರವತ್ತು ದಾಟಿದವರು, ನಡೆದಾಗ ಎದೆನೋವು, ಅದಕ್ಕೆ ಮೆಟೊಪ್ರೊಲೊಲ್ ಎಂಬ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದಾರೆ. ನಾಡಿ 56, ಒತ್ತಡ 158/92. ಇಸಿಜಿಯಲ್ಲಿ ಸಂಕೇತ ಎವಿ ನೋಡ್ ದಾಟಲು ತೆಗೆದುಕೊಳ್ಳುವ ಸಮಯವನ್ನು ತೋರಿಸುವ ಪಿಆರ್ ಅಂತರ 0.22 ಸೆಕೆಂಡ್, ಮಿತಿ 0.20. ನೋವೂ ಒತ್ತಡವೂ ಇನ್ನೂ ಇಳಿಯಬೇಕು. ಇವರಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಸೇರಿಸಿದರೆ ರಕ್ತನಾಳ ಸಡಿಲವಾಗುತ್ತದೆ, ಹೃದಯದ ಹೊರೆ ಇಳಿಯುತ್ತದೆ. ಪ್ರತಿವರ್ತನೆಯಿಂದ ನಾಡಿ ಹಾರಬೇಕಾದದ್ದನ್ನು ಮೆಟೊಪ್ರೊಲೊಲ್ ಮೊದಲೇ ಹಿಡಿದಿಟ್ಟಿದೆ. ಎರಡೂ ಒಂದಕ್ಕೊಂದು ಪೂರಕ. ಅದೇ ಜಾಗದಲ್ಲಿ ವೆರಾಪಮಿಲ್ ಕೊಟ್ಟರೆ? ಅಡ್ರಿನಾಲಿನ್ ಎವಿ ನೋಡ್‌ನ ಕ್ಯಾಲ್ಸಿಯಂ ಪ್ರವಾಹವನ್ನು ಹೆಚ್ಚಿಸುತ್ತಿತ್ತು, ಅದನ್ನು ಮೆಟೊಪ್ರೊಲೊಲ್ ಈಗಾಗಲೇ ತಗ್ಗಿಸಿದೆ. ಉಳಿದದ್ದನ್ನು ವೆರಾಪಮಿಲ್ ಮುಚ್ಚುತ್ತದೆ. ಪಿಆರ್ ಇನ್ನೂ ಹಿಗ್ಗಿ, ಕೆಲವು ಸಂಕೇತಗಳು ದಾಟದೆ, ನಾಡಿ 35ಕ್ಕಿಳಿದು ತಲೆಸುತ್ತಿ ಬೀಳಬಹುದು. ಹೃದಯದ ಪಂಪ್ ಮೊದಲೇ ದುರ್ಬಲವಾಗಿದ್ದರೆ ವೆರಾಪಮಿಲ್, ಡಿಲ್ಟಿಯಾಜೆಮ್ ಎರಡೂ ಸಲ್ಲವು. ಇನ್ನೊಬ್ಬರನ್ನು ಊಹಿಸಿ: ಆಸ್ತಮಾ ಇದೆ, ಬೀಟಾ ಬ್ಲಾಕರ್ ಕೊಡುವಂತಿಲ್ಲ, ಹೃದಯದ ಪಂಪ್ ಚೆನ್ನಾಗಿದೆ, ಮೇಲಿನ ಕೋಣೆ ಕಂಪಿಸುವ ಏಟ್ರಿಯಲ್ ಫಿಬ್ರಿಲೇಶನ್‌ನಿಂದ ನಾಡಿ 130. ಇವರಿಗೆ ಡಿಲ್ಟಿಯಾಜೆಮ್ ಹೊಂದುತ್ತದೆ, ಅಮ್ಲೋಡಿಪಿನ್ ನಾಡಿಗೆ ಏನೂ ಮಾಡದು. ಮೊದಲನೆಯವರಿಗೆ ಅಪಾಯವಾದ ಗುಣವೇ ಎರಡನೆಯವರಿಗೆ ಚಿಕಿತ್ಸೆ.

ಮೊದಲನೆಯವರಿಗೆ ಕೆಲವು ವಾರ ಕಳೆದ ಮೇಲೆ ಪಾದ ಊದಿಕೊಂಡರೆ ಅದೂ ಇದೇ ತರ್ಕದ ಮುಂದುವರಿಕೆ. ಅಮ್ಲೋಡಿಪಿನ್ ಕಿರುಅಪಧಮನಿಗಳನ್ನು ಸಡಿಲಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಅಲ್ಲ. ಒಳಬರುವ ದಾರಿ ಅಗಲ, ಹೊರಹೋಗುವ ದಾರಿ ಹಾಗೇ. ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಜಿನುಗುತ್ತದೆ. ದೇಹದಲ್ಲಿ ನೀರು ಹೆಚ್ಚಾದ ಊತ ಇದಲ್ಲ, ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಹೆಚ್ಚು ಉಪಯೋಗಕ್ಕೆ ಬಾರದು. ಪ್ರಮಾಣ ಇಳಿಸುವುದು, ಇಲ್ಲವೇ ಅಭಿಧಮನಿಯನ್ನೂ ಸಡಿಲಿಸುವ ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಬಗೆಯದನ್ನು ಜೊತೆಗೂಡಿಸುವುದು ಸರಿಯಾದ ದಾರಿ.

ಎರಡು ಡಬ್ಬಿಗಳ ವರ್ಗೀಕರಣವೇ ಸಾಕು, ನಿತ್ಯದ ಚಿಕಿತ್ಸೆಗೆ ಅದು ಎಡವಟ್ಟು ಮಾಡಿಲ್ಲವಲ್ಲ ಎನ್ನುವವರಿದ್ದಾರೆ. ನಿತ್ಯದ ಪ್ರಮಾಣದಲ್ಲಿ ಅದು ನಿಜ. ಆದರೆ ಅದರ ಗಡಿ ಕಾಣುವುದು ಅತಿಯಾಗಿ ನುಂಗಿದವರಲ್ಲಿ. ಹಲವಾರು ಅಮ್ಲೋಡಿಪಿನ್ ಒಟ್ಟಿಗೆ ನುಂಗಿದವರಿಗೆ ಮೊದಮೊದಲು ಒತ್ತಡ ಇಳಿದು ನಾಡಿ ಚುರುಕಾಗಿರುತ್ತದೆ, ಪುಸ್ತಕದಲ್ಲಿದ್ದಂತೆ. ವಿಷ ತೀವ್ರವಾದಾಗ ನಾಡಿಯೂ ಇಳಿಯಬಹುದು, ಹೃದಯದ ಶಕ್ತಿಯೂ ಕುಂದಬಹುದು; ರಕ್ತನಾಳಕ್ಕೇ ಮೀಸಲಾದ ಔಷಧ ಎಂಬ ಮಾತು ಅಲ್ಲಿಗೆ ಮುಗಿಯಿತು. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವುದಕ್ಕೂ ಇದೇ ಬಗೆಯ ಚಾನೆಲ್ ಬೇಕು, ಆದ್ದರಿಂದ ರಕ್ತದ ಸಕ್ಕರೆ ಏರುತ್ತದೆ. ಒತ್ತಡ ಬಿದ್ದು ನಾಡಿ ನಿಧಾನವಾದ ರೋಗಿಯಲ್ಲಿ ಏರಿದ ಸಕ್ಕರೆ, ಇದು ಬೀಟಾ ಬ್ಲಾಕರ್ ವಿಷವಲ್ಲ, ಕ್ಯಾಲ್ಸಿಯಂ ಬ್ಲಾಕರ್ ವಿಷವಿರಬಹುದು ಎಂದು ಸೂಚಿಸುತ್ತದೆ. ತೀವ್ರನಿಗಾ ಘಟಕದಲ್ಲಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುವುದರ ಜೊತೆಗೆ, ಗ್ಲೂಕೋಸಿನೊಂದಿಗೆ ಭಾರಿ ಪ್ರಮಾಣದ ಇನ್ಸುಲಿನನ್ನೂ ಕೊಡುವುದು ಕುಂದಿದ ಹೃದಯಕ್ಕೆ ಶಕ್ತಿ ತುಂಬಲು.

ಹಾಗಾದರೆ ಆಯ್ಕೆ ಎಂಬ ಪದವನ್ನು ಕೈಬಿಡಬೇಕೇ? ಬೇಡ. ಅದನ್ನು ಷರತ್ತಿನೊಂದಿಗೆ ಓದಬೇಕು. ಅಮ್ಲೋಡಿಪಿನ್ ರಕ್ತನಾಳವನ್ನು ಆರಿಸುತ್ತದೆ ಎಂದರೆ ಅರ್ಥ ಇಷ್ಟೇ: ಇಷ್ಟು ಪ್ರಮಾಣದಲ್ಲಿ, ಇಷ್ಟು ನಿಧಾನವಾಗಿ ರಕ್ತಕ್ಕೆ ಸೇರಿದಾಗ, ಪ್ರತಿವರ್ತನೆ ನೆಟ್ಟಗಿರುವ ದೇಹದಲ್ಲಿ ಅದರ ಪರಿಣಾಮ ಮೊದಲು ರಕ್ತನಾಳದಲ್ಲಿ ಕಾಣುತ್ತದೆ. ಈ ಷರತ್ತುಗಳಲ್ಲಿ ಯಾವುದು ಕಳಚಿತು ಎಂದು ಕೇಳಿಕೊಂಡ ವೈದ್ಯರಿಗೆ ವೆರಾಪಮಿಲ್ ಜೊತೆಗೆ ಮೆಟೊಪ್ರೊಲೊಲ್ ಬರೆದ ಚೀಟಿ ಕಂಡಾಗ ಪುಸ್ತಕದ ಪಟ್ಟಿ ನೆನಪಾಗಬೇಕಿಲ್ಲ. ಎವಿ ನೋಡ್‌ನಲ್ಲಿ ಇನ್ನೆಷ್ಟು ಕ್ಯಾಲ್ಸಿಯಂ ಪ್ರವಾಹ ಉಳಿದಿದೆ ಎಂಬ ಒಂದೇ ಲೆಕ್ಕ ಅಪಾಯವನ್ನು ಹೇಳಿಬಿಡುತ್ತದೆ.